ಪೋರ್ಟಿಂಗ್ ವೇಳೆ ತಪ್ಪಾಗಿ ಸಿಮ್ ಬಂದ್ ಮಾಡಿದ್ದಕ್ಕೆ ಮೇಲ್ಮನವಿ

ದಿನಾಂಕ: 24 ಫೆಬ್ರವರಿ 2025
ಶಂಕರಪುರ, ಉಡುಪಿ ಜಿಲ್ಲೆ

ಮೇಲ್ಮನವಿ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಶಂಕರಪುರದಲ್ಲಿ ಮಲ್ಲಿಗೆ ಕಟ್ಟೆ, ಅಂದರೆ ಮನೆಮನೆಯವರು ತಂದ ಹೂ ಕೊಂಡು ವ್ಯಾಪಾರಿಗಳಿಗೆ ಕಳಿಸುವ ಜಾಗ, ನಡೆಸುವವನು. ನನ್ನ ಹೆಸರಲ್ಲಿ ನಿಮ್ಮ ಕಂಪನಿಯ ಎರಡು ಪೋಸ್ಟ್‌ಪೇಯ್ಡ್ ನಂಬರ್‌ಗಳಿದ್ದವು. 41ರಲ್ಲಿ ಕೊನೆಯಾಗುವುದು ನನ್ನದು. ಬ್ಯಾಂಕ್ ಖಾತೆ, ಯುಪಿಐ, ಗಾಡಿ ಸಾಲ ಎಲ್ಲಾ ಅದಕ್ಕೇ ಜೋಡಿಸಿದ್ದು. 87ರಲ್ಲಿ ಕೊನೆಯಾಗುವುದು ಮಗಳದ್ದು. ಪೋರ್ಟ್ ಮಾಡಲು ಕೇಳಿದ್ದು ಮಗಳ ನಂಬರ್ ಮಾತ್ರ.

ಫೆಬ್ರವರಿ 3ರಂದು ಮಗಳ ಫೋನಿನಿಂದಲೇ 1900ಕ್ಕೆ PORT ಸಂದೇಶ ಕಳಿಸಿದೆವು. ಅವಳ ಫೋನಿಗೇ ಯುಪಿಸಿ ಕೋಡ್ ಬಂತು. 5ರ ರಾತ್ರಿ ಅವಳ ನಂಬರ್ ಹೊಸ ಕಂಪನಿಗೆ ಸರಿಯಾಗಿ ಹೋಯಿತು. ಅದೇ ರಾತ್ರಿ ನನ್ನ ಸಿಮ್ ಕೂಡ ಸತ್ತಿತು.

ಉಡುಪಿಯ ನಿಮ್ಮ ಸ್ಟೋರ್‌ನಲ್ಲಿ ಕೇಳಿದಾಗ ಅಲ್ಲಿನ ಹುಡುಗ ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿ ತೋರಿಸಿದ. ನನ್ನ ನಂಬರ್ ಮುಂದೆ 'ಗ್ರಾಹಕರೇ ಬಿಟ್ಟುಕೊಟ್ಟಿದ್ದಾರೆ' ಎಂಬ ಅರ್ಥದ ಸಾಲು ಇತ್ತು. ನಾನು ಯಾವ ಅರ್ಜಿಯನ್ನೂ ಕೊಟ್ಟಿಲ್ಲ. 1900ಕ್ಕೆ ಯಾವ ನಂಬರಿನಿಂದ ಸಂದೇಶ ಹೋಗುತ್ತದೋ ಆ ನಂಬರಿಗೇ ಯುಪಿಸಿ ಹುಟ್ಟುವುದು, ಅಲ್ವಾ? ನನ್ನ ನಂಬರಿನಿಂದ ಅಂಥ ಸಂದೇಶ ಹೋಗಿದ್ದಕ್ಕೆ ನಿಮ್ಮಲ್ಲಿ ದಾಖಲೆ ಇದ್ದರೆ ತೋರಿಸಿ. ಇರಲು ಸಾಧ್ಯವೇ ಇಲ್ಲ. ಎರಡೂ ಒಂದೇ ಬಿಲ್ಲಿನಲ್ಲಿ ಇದ್ದವು, ಒಂದನ್ನು ತೆಗೆಯುವಾಗ ಇನ್ನೊಂದನ್ನೂ ತೆಗೆದಿದ್ದೀರಿ ಎಂದೇ ನನಗನ್ನಿಸುತ್ತದೆ.

ಮುಂದೆ ಆದದ್ದು ಇದು. ಮಂಗಳೂರಿನ ಒಬ್ಬ ಸಗಟು ವ್ಯಾಪಾರಿ ಕೊಟ್ಟಿದ್ದ ₹46,000 ಚೆಕ್ಕನ್ನು 4ರಂದು ಬ್ಯಾಂಕಿಗೆ ಹಾಕಿದ್ದೆ. 6ರಂದು ಅದು ಹಣವಿಲ್ಲದೆ ವಾಪಸ್ಸಾಯಿತು. ಬ್ಯಾಂಕ್ ಅದೇ ದಿನ ಎಸ್‌ಎಂಎಸ್ ಕಳಿಸಿದೆ. ಅದು ನನ್ನ ಕೈಗೆ ಬರಲೇ ಇಲ್ಲ. ಚೆಕ್ ವಾಪಸ್ಸಾದರೆ ಅಂದೇ ಹೂ ನಿಲ್ಲಿಸುವುದು ನಮ್ಮ ಕಟ್ಟೆಯ ಪದ್ಧತಿ. ಏನೂ ಗೊತ್ತಿಲ್ಲದೆ 7, 8, 9ರಂದು ಅದೇ ವ್ಯಾಪಾರಿಗೆ ₹31,400 ಬೆಲೆಯ ಹೂ ಕಳಿಸಿದೆ. ಈಗ ಅವರ ಅಂಗಡಿ ಬಾಗಿಲು ಹಾಕಿದೆ, ಫೋನ್ ಎತ್ತುವುದಿಲ್ಲ. ಆದರೆ ನಾಲ್ಕು ಚೆಂಡು ಕಟ್ಟಿ ಒಂದು ಅಟ್ಟೆ ಮಾಡಿ ತಂದುಕೊಟ್ಟ ಮನೆಯವರಿಗೆ ನಾನು ಹಣ ಕೊಡಲೇಬೇಕು, ಕೊಟ್ಟಿದ್ದೇನೆ. ಮುಂಜಾನೆ ಎದ್ದು ಮೊಗ್ಗು ಕೊಯ್ದವರಿಗೆ ಸಿಮ್ ಕಥೆ ಹೇಳಲಾಗುತ್ತದೆಯೇ?

7ರಂದು ಪಿಕಪ್ ಗಾಡಿಯ ಸಾಲದ ಕಂತು ₹13,850 ಕಡಿತವಾಗಬೇಕಿತ್ತು. ಖಾತೆಯಲ್ಲಿ ಅಷ್ಟು ಹಣವಿರಲಿಲ್ಲ, ಕಂತು ಬೌನ್ಸ್ ಆಯಿತು. ಚೆಕ್ ವಿಷಯ ಮೊದಲೇ ತಿಳಿದಿದ್ದರೆ ಮಗಳ ಖಾತೆಯಿಂದ ಹಾಕಿಸುತ್ತಿದ್ದೆ. ಬ್ಯಾಂಕ್ ₹590, ಸಾಲ ಕೊಟ್ಟವರು ₹590 ದಂಡ ಹಾಕಿದರು.

'ಬ್ಯಾಂಕಿಗೆ ಹೋಗಿ ವಿಚಾರಿಸಬಹುದಿತ್ತಲ್ಲ' ಎಂದು ನಿಮ್ಮ ಸಹಾಯವಾಣಿಯವರು ಹೇಳಿದರು. ಈ ಮಾತು ನನಗೆ ತುಂಬಾ ನೋವು ಕೊಟ್ಟಿತು. ಚೆಕ್ ವಾಪಸ್ಸಾದರೆ ಎಸ್‌ಎಂಎಸ್ ಬರುತ್ತದೆ ಎಂದು ನಂಬಿಯೇ ಎಲ್ಲರೂ ವ್ಯಾಪಾರ ಮಾಡುವುದು. 8 ಎರಡನೇ ಶನಿವಾರ, 9 ಭಾನುವಾರ, ಬ್ಯಾಂಕ್ ರಜೆ. ಸೋಮವಾರ ಶಾಖೆಗೆ ಹೋದಾಗಲೇ ನನಗೆ ವಿಷಯ ಗೊತ್ತಾಗಿದ್ದು.

ಅದೇ ದಿನ ಸಂಜೆ ಹೊಸ ಸಿಮ್ ಕೊಟ್ಟಿರಿ. ಅದಾದ ಮೇಲೂ 24 ಗಂಟೆ ಎಸ್‌ಎಂಎಸ್ ಇಲ್ಲ. ಸಿಮ್ ಬದಲಾಯಿಸಿ ಹಣ ಕದಿಯುವವರನ್ನು ತಡೆಯಲು ಇರುವ ನಿಯಮ ಅದು, ಒಳ್ಳೆಯದೇ. ಆದರೆ ನಿಮ್ಮ ತಪ್ಪಿಗೆ ನಾನು ಇನ್ನೊಂದು ದಿನ ಒಟಿಪಿ ಇಲ್ಲದೆ ಕೂರಬೇಕಾಯಿತು. ಸಿಮ್ ಶುರುವಾದದ್ದೇ ತಡ, ನನ್ನ ದೂರನ್ನು 'ಪರಿಹರಿಸಲಾಗಿದೆ' ಎಂದು ಮುಚ್ಚಿಬಿಟ್ಟಿರಿ. ನಷ್ಟದ ಬಗ್ಗೆ ಒಂದಕ್ಷರವೂ ಇಲ್ಲ. ಆದ್ದರಿಂದ ಟ್ರಾಯ್‌ನ 2012ರ ನಿಯಮದಂತೆ ಈ ಮೇಲ್ಮನವಿ.

ಚೆಕ್ಕಿನ ₹46,000 ನಾನು ನಿಮ್ಮಿಂದ ಕೇಳುತ್ತಿಲ್ಲ, ಅದು ವ್ಯಾಪಾರಿಯ ಬಾಕಿ. ನಿಮ್ಮಿಂದಾದ ನಷ್ಟ ಹೂವಿನ ₹31,400 ಮತ್ತು ಎರಡು ದಂಡದ ₹1,180, ಒಟ್ಟು ₹32,580. ಅದನ್ನು ಕೊಡಬೇಕು. ಸಿಮ್ ಇಲ್ಲದ ದಿನಗಳ ಬಾಡಿಗೆಯನ್ನು ಬಿಲ್ಲಿನಲ್ಲಿ ಕಳೆಯಬೇಕು. ನನ್ನ ನಂಬರ್ ಯಾರ ಆದೇಶದಿಂದ ಬಂದ್ ಆಯಿತು ಎಂದು ಬರವಣಿಗೆಯಲ್ಲಿ ತಿಳಿಸಬೇಕು. ಮುಖ್ಯವಾಗಿ, ತಪ್ಪು ನಿಮ್ಮದೆಂದು ಒಂದು ಪತ್ರ ಕೊಡಬೇಕು. ಕಂತು ತಪ್ಪಿದ್ದು ನನ್ನ ಸಾಲದ ದಾಖಲೆಯಲ್ಲಿ ಕುಳಿತರೆ ಮುಂದೆ ಸಾಲ ಸಿಗುವುದು ಕಷ್ಟ. ಆ ಪತ್ರ ತೋರಿಸಿಯೇ ಅದನ್ನು ಸರಿ ಮಾಡಿಸಲು ಕೇಳಬೇಕು.

ಮೇಲ್ಮನವಿ 39 ದಿನದೊಳಗೆ ತೀರ್ಮಾನವಾಗಬೇಕು ಎಂದು ನಿಯಮವಿದೆ. ಆಗದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಟೆಲಿಕಾಂ ಗ್ರಾಹಕರು ಅಲ್ಲಿಗೆ ಹೋಗಬಹುದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮಗಳ ಫೋನಿಗೆ ಬಂದ ಯುಪಿಸಿ ಸಂದೇಶ, ಚೆಕ್ ವಾಪಸಾತಿ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಹೂವಿನ ಬಿಲ್ಲುಗಳು, ನನ್ನ ಹೆಸರು, ವಿಳಾಸ ಮತ್ತು ಡಾಕೆಟ್ ನಂಬರ್ ಇರುವ ಮೊದಲ ದೂರಿನ ಪ್ರತಿ ಇದರ ಜೊತೆಗಿವೆ.

ಇಂತಿ,
41ರಲ್ಲಿ ಕೊನೆಯಾಗುವ ನಂಬರಿನ ಗ್ರಾಹಕ