ವಿದ್ಯಾರ್ಥಿ ಹಾಜರಾತಿ ಆ್ಯಪ್: ಯೋಜನಾ ಪ್ರಸ್ತಾವನೆ

ದಿನಾಂಕ: 9-6-2025
ಗೆ,
ಮಾನ್ಯ ಮುಖ್ಯ ಗುರುಗಳು,
ಅನುದಾನಿತ ಪ್ರೌಢಶಾಲೆ, ಶಹಾಪುರ, ಯಾದಗಿರಿ ಜಿಲ್ಲೆ

ಮಾನ್ಯರೇ,

ಹೋದ ವಾರ ತಮ್ಮ ಕೋಣೆಯಲ್ಲಿ ಮಾತಾಡಿದಂತೆ ಈ ಪ್ರಸ್ತಾವನೆ ಕೊಡುತ್ತಿದ್ದೇನೆ. ಹತ್ತಿ ಬಿಡಿಸುವ ಕಾಲಕ್ಕೆ ಬೆಂಚುಗಳು ಖಾಲಿಯಾಗುವುದು ತಮಗೆ ಹೊಸದಲ್ಲ. ತೊಂದರೆ ಏನೆಂದರೆ, ಸತತ ಹತ್ತು ದಿನ ಬಾರದ ಮಗುವಿನ ಸುದ್ದಿ ತಿಂಗಳ ಕೊನೆಗೆ ಹಾಜರಿ ಕೂಡಿಸುವಾಗಲೇ ಗೊತ್ತಾಗುತ್ತದೆ. ಎಸ್ಸೆಸ್ಸೆಲ್ಸಿಗೆ ಶೇ. 75 ಹಾಜರಾತಿ ಬೇಕೆಂದು ಜನವರಿಯಲ್ಲಿ ಪಾಲಕರನ್ನು ಕರೆಸಿದರೆ ತಡವಾಗಿರುತ್ತದೆ.

ಕೆಲಸದ ವ್ಯಾಪ್ತಿ

8ರಿಂದ 10ನೇ ತರಗತಿಯ ಆರು ವಿಭಾಗ, 312 ಮಕ್ಕಳು. ತರಗತಿ ಶಿಕ್ಷಕರು ಮೊದಲ ಅವಧಿಯಲ್ಲಿ ತಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಗೈರಾದವರನ್ನಷ್ಟೇ ಒತ್ತಿದರೆ ಸಾಕು. ನೆಟ್ ಇಲ್ಲದಿದ್ದರೂ ಗುರುತು ಫೋನಿನಲ್ಲೇ ಉಳಿದು, ಸಿಗ್ನಲ್ ಬಂದಾಗ ತಾನೇ ಸರ್ವರ್‌ಗೆ ಹೋಗುತ್ತದೆ. ಪಾಲಕರಿಗೆ ಹೋಗುವ ಎಸ್ಸೆಮ್ಮೆಸ್ ಹೀಗಿರುತ್ತದೆ:

"ರಮೇಶ 9ನೇ ತರಗತಿ: ಇಂದು ಶಾಲೆಗೆ ಬಂದಿಲ್ಲ. -ಮುಖ್ಯ ಗುರುಗಳು"

ಇಷ್ಟು ಚುಟುಕಾಗಿರಲು ಕಾರಣವಿದೆ. ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್‌ಗೆ 70 ಅಕ್ಷರ ಮಿತಿ. ಗುಣಿತ, ಒತ್ತುಗಳೂ ಎಣಿಕೆಗೆ ಬರುತ್ತವೆ. ಮೀರಿದರೆ ಎರಡರ ದುಡ್ಡು. ತಂದೆ-ತಾಯಿ ಬೆಂಗಳೂರಿಗೋ ಮುಂಬೈಗೋ ದುಡಿಯಲು ಹೋಗಿ ಮಗು ಅಜ್ಜಿಯ ಬಳಿ ಇರುವ ಮನೆಗಳಿಗಾಗಿ ಎರಡು ನಂಬರು ಇಡುತ್ತೇವೆ. ಮೂರು ದಿನ ಸತತ ಗೈರಾದವರ ಮತ್ತು ಹಾಜರಾತಿ ಶೇ. 80ಕ್ಕಿಂತ ಇಳಿದವರ ಪಟ್ಟಿ ತಮ್ಮ ಫೋನಿಗೆ ಬರುತ್ತದೆ.

ಹಾಜರಿ ಪುಸ್ತಕ ನಿಲ್ಲುವುದಿಲ್ಲ. ಎಸ್‌ಎಟಿಎಸ್‌ಗೆ ನೇರ ಜೋಡಣೆ ಇಲ್ಲ. ಮುಖ ಗುರುತಿಸುವ ಯಂತ್ರವನ್ನು ಯಾರಾದರೂ ತೋರಿಸಿದರೆ ದಯವಿಟ್ಟು ಬೇಡ ಅನ್ನಿ. 50 ಮಕ್ಕಳ ತರಗತಿಗೆ ಅದರ ಅಗತ್ಯವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು. ಸಹಿ ಪತ್ರದ ನಮೂನೆ ನಾನೇ ಕೊಡುತ್ತೇನೆ, ಸಹಿ ಪಡೆಯುವುದು ಶಾಲೆಯ ಹೊಣೆ.

ಕಾಲಾವಧಿ

ಜೂನ್ 16ರಿಂದ ಒಂದು ವಾರ ಶಿಕ್ಷಕರ ಜೊತೆ ಕೂತು ಮಾತು, ಮಕ್ಕಳ ಪಟ್ಟಿ ಸಂಗ್ರಹ. ಜುಲೈ 12ರವರೆಗೆ ತಯಾರಿ. ಜುಲೈ 14ರಿಂದ 26ರವರೆಗೆ 9ನೇ 'ಎ' ವಿಭಾಗದಲ್ಲಿ ಮಾತ್ರ ಪರೀಕ್ಷೆ: ಪುಸ್ತಕದ ಲೆಕ್ಕ, ಫೋನಿನ ಲೆಕ್ಕ ದಿನವೂ ತಾಳೆ ನೋಡುತ್ತೇವೆ. ತಾಳೆಯಾಗದಿದ್ದರೆ ಮುಂದುವರಿಯುವುದಿಲ್ಲ. ಕೊನೆಯ ವಾರ ಎಲ್ಲ ಶಿಕ್ಷಕರಿಗೆ ತರಬೇತಿ, ಆಗಸ್ಟ್ 1ರಿಂದ ಇಡೀ ಶಾಲೆಗೆ. ಹತ್ತಿ ಬಿಡಿಸುವ ಮುಂಚೆ ಎಲ್ಲರಿಗೂ ಕೈ ಕೂತಿರಬೇಕು ಎಂಬುದೇ ಈ ಲೆಕ್ಕಾಚಾರ.

ವೆಚ್ಚ

ಆ್ಯಪ್ ತಯಾರಿ, ತರಬೇತಿ: ರೂ. 36,000
ಸರ್ವರ್ ಬಾಡಿಗೆ, ಒಂದು ವರ್ಷಕ್ಕೆ: ರೂ. 4,800
ಎಸ್ಸೆಮ್ಮೆಸ್ ಕಳಿಸಲು ಟೆಲಿಕಾಂ ಕಂಪನಿಯಲ್ಲಿ ಮಾಡಿಸಬೇಕಾದ ಡಿಎಲ್‌ಟಿ ನೋಂದಣಿಗೆ ಮೀಸಲು: ರೂ. 6,000
ಎಸ್ಸೆಮ್ಮೆಸ್ 7,000, ತಲಾ 30 ಪೈಸೆ: ರೂ. 2,100
ಒಟ್ಟು: ರೂ. 48,900

ಡಿಎಲ್‌ಟಿ ನೋಂದಣಿ ಶಾಲೆಯ ಹೆಸರಲ್ಲೇ ಆಗಬೇಕು, ಆ ಮೀಸಲಿನಲ್ಲಿ ಉಳಿದ ಹಣ ಶಾಲೆಗೇ ವಾಪಸ್. ಎರಡನೇ ವರ್ಷದಿಂದ ಸರ್ವರ್, ಎಸ್ಸೆಮ್ಮೆಸ್ ಜೊತೆ ನಿರ್ವಹಣೆಗೆ ರೂ. 5,000 ಸೇರಿ ರೂ. 11,900. ನನ್ನ ರೂ. 36,000 ಮೂರು ಸಮ ಕಂತುಗಳಲ್ಲಿ ಕೊಡಿ: ಒಪ್ಪಂದಕ್ಕೆ ಒಂದು, 9ನೇ 'ಎ' ಪರೀಕ್ಷೆ ಮುಗಿದ ಮೇಲೆ ಒಂದು, ಇಡೀ ಶಾಲೆಯಲ್ಲಿ ಒಂದು ತಿಂಗಳು ನಡೆದ ಮೇಲೆ ಕೊನೆಯದು.

ಆಡಳಿತ ಮಂಡಳಿಯ ಸಭೆಗೆ ಬಂದು ಫೋನಿನಲ್ಲೇ ತೋರಿಸಲು ಸಿದ್ಧನಿದ್ದೇನೆ. ಜೂನ್ 14ರೊಳಗೆ ತಿಳಿಸಿದರೆ 16ಕ್ಕೆ ಕೆಲಸ ಹಿಡಿಯುತ್ತೇನೆ.

ತಮ್ಮ ವಿಶ್ವಾಸಿ,
ಶರಣಪ್ಪ
ತಮ್ಮ ಶಾಲೆಯ ಹಳೆಯ ವಿದ್ಯಾರ್ಥಿ