ಮೂವತ್ತು ತುಂಬಿದ ವರದಿ

ಮೊನ್ನೆ ಶುಕ್ರವಾರ ನನಗೆ ಮೂವತ್ತು ತುಂಬಿತು. ಆವತ್ತು ಬೆಳಗಿನ ಪಾಳಿ ಇತ್ತು, ಹೋದೆ. ನನ್ನದು ಎಕ್ಸ್‌ರೇ ಟೆಕ್ನಿಷಿಯನ್ ಕೆಲಸ. ಹುಟ್ಟಿದ ದಿನಕ್ಕೆ ರಜೆ ಹಾಕುವ ಅಭ್ಯಾಸ ನನಗಿಲ್ಲ. ಹಾಕುವವರ ಮೇಲೆ ತಕರಾರೂ ಇಲ್ಲ.

ಮೂವತ್ತಾದವರು ಬರೆದದ್ದನ್ನು ತುಂಬ ಓದಿದ್ದೇನೆ. ಕೆಲವರದ್ದು ಮಾಡಿದ್ದರ ಪಟ್ಟಿ, ಮೇಲೊಂದಿಷ್ಟು ವಿನಯ ಸವರಿರುತ್ತಾರೆ. ಇನ್ನು ಕೆಲವರದ್ದು ಆಗದೇ ಹೋದದ್ದರ ಪಟ್ಟಿ. ಓದಿ ಮುಗಿಸಿದಾಗ ಬರೆದವರ ಬೆನ್ನು ಸವರಬೇಕು ಅನ್ನಿಸುತ್ತದೆ, ಅವರಿಗೂ ಅದೇ ಬೇಕಿರುತ್ತದೆ. ನಮ್ಮ ವಿಭಾಗದಲ್ಲಿ ಡಾಕ್ಟರು ಬರೆಯುವ ವರದಿ ನನಗೆ ಇವೆರಡಕ್ಕಿಂತ ಇಷ್ಟ. ಏನು ಕಾಣುತ್ತದೋ ಅದು, ಎಲ್ಲಿ ಕಾಣುತ್ತದೋ ಅಲ್ಲಿ. ಭೇಷ್ ಎನ್ನುವುದೂ ಇಲ್ಲ, ಪಾಪ ಎನ್ನುವುದೂ ಇಲ್ಲ. ನನ್ನ ಬಗ್ಗೆಯೂ ಹಾಗೇ ಬರೆಯಲು ಆಗುತ್ತದಾ ನೋಡೋಣ ಎಂದು ಕೂತಿದ್ದೇನೆ.

ವಯಸ್ಸಿನ ವಿಷಯ ನನಗೆ ದಿನವೂ ಎದುರಾಗುತ್ತದೆ. ಮಗು ವಯಸ್ಸಿಗೆ ತಕ್ಕ ಹಾಗೆ ಬೆಳೆಯುತ್ತಿಲ್ಲ ಎಂದು ಕರೆದುಕೊಂಡು ಬಂದರೆ ಎಡಗೈಯ ಚಿತ್ರ ತೆಗೆಯುತ್ತೇವೆ. ಮಣಿಕಟ್ಟಿನಲ್ಲಿ, ಬೆರಳುಗಳಲ್ಲಿ ಯಾವ ಮೂಳೆ ಎಷ್ಟು ಬಲಿತಿದೆ ಎಂದು ಮಾದರಿ ಚಿತ್ರಗಳ ಜೊತೆ ಹೋಲಿಸಿ ಡಾಕ್ಟರು ಮೂಳೆಯ ವಯಸ್ಸು ಹೇಳುತ್ತಾರೆ. ಹುಟ್ಟಿದ ದಿನಾಂಕದಿಂದ ಎಣಿಸಿದ ವಯಸ್ಸಿಗೂ ಇದಕ್ಕೂ ಒಂದು ವರ್ಷ ಹೆಚ್ಚುಕಮ್ಮಿ ಇದ್ದರೆ ಸಾಮಾನ್ಯವಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಪ್ಪ ಅಮ್ಮ ಮಾತ್ರ ಕೆಡಿಸಿಕೊಳ್ಳುತ್ತಾರೆ. ‘ಪಕ್ಕದ ಮನೆ ಹುಡುಗ ಇವನಿಗಿಂತ ಚಿಕ್ಕವನು, ಆಗಲೇ ಇಷ್ಟುದ್ದ ಇದ್ದಾನೆ’ ಎನ್ನುತ್ತಾರೆ. ನಾನು ‘ಕೈ ಅಲ್ಲಾಡಿಸಬೇಡ ಪುಟ್ಟಾ’ ಅಂದು ಬಟನ್ ಒತ್ತುತ್ತೇನೆ.

ಬೆಳೆಯುವುದನ್ನು ಕೊನೆಗೆ ಮುಗಿಸುವ ಮೂಳೆ ಕೈಯದ್ದಲ್ಲ, ಕಾಲಿನದ್ದೂ ಅಲ್ಲ. ಕತ್ತಿನ ಕೆಳಗೆ ಅಡ್ಡಕ್ಕಿರುವ ಕಾಲರ್ ಬೋನ್, ಅದರಲ್ಲೂ ಎದೆಯ ಮಧ್ಯಕ್ಕೆ ಬಂದು ಸೇರುವ ತುದಿ. ಅದು ಪೂರ್ತಿ ಕೂಡಿಕೊಳ್ಳುವುದು ಇಪ್ಪತ್ತರ ದಶಕದಲ್ಲಿ. ಕೆಲವರಲ್ಲಿ ದಶಕದ ಕೊನೆಯವರೆಗೂ ಎಳೆಯುತ್ತದೆ. ನನ್ನದೂ ಇಷ್ಟರಲ್ಲಿ ಕೂಡಿರಬೇಕು. ಅಲ್ಲಿಗೆ ಮೂಳೆಗಳ ವೇಳಾಪಟ್ಟಿ ಮುಗಿಯಿತು. ಇದಾದ ಮೇಲೆ ಮೂಳೆಗಳು ಸವೆಯುತ್ತವೆ, ರಿಪೇರಿಯಾಗುತ್ತವೆ, ಆದರೆ ‘ಈ ವಯಸ್ಸಿಗೆ ಇದು ಆಗಬೇಕಿತ್ತು, ಇನ್ನೂ ಆಗಿಲ್ಲ’ ಎಂದು ಹೇಳಲು ಹೋಲಿಸುವ ಮಾದರಿ ಚಿತ್ರವಿಲ್ಲ. ಮೂವತ್ತರೊಳಗೆ ಮನೆ, ಮೂವತ್ತರೊಳಗೆ ಮದುವೆ, ಮೂವತ್ತರೊಳಗೆ ದೊಡ್ಡ ಹುದ್ದೆ ಅಂತೆಲ್ಲ ಹೇಳುತ್ತಾರಲ್ಲ, ಅದು ಯಾವ ಫಿಲ್ಮ್‌ನಲ್ಲೂ ಕಾಣಿಸುವುದಿಲ್ಲ. ಪಕ್ಕದ ಮನೆ ಹುಡುಗನ ಎತ್ತರ, ಅಷ್ಟೇ.

ಹಾಗಂತ ಹೋಲಿಕೆ ನಿಂತುಹೋಗಿದೆ ಎಂದಲ್ಲ. ನನಗೆ ಡಾಕ್ಟರ್ ಆಗಬೇಕು ಅಂತಿತ್ತು, ಸೀಟು ಸಿಗಲಿಲ್ಲ. ಮುಂದಿನ ವರ್ಷವೂ ಬರೆದೆ, ಆಗಲೂ ಸಿಗಲಿಲ್ಲ. ಈ ಕೋರ್ಸ್ ಸಿಕ್ಕಿತು, ಸೇರಿದೆ. ‘ಆಗಿದ್ದೆಲ್ಲ ಒಳ್ಳೆಯದಕ್ಕೇ’ ಎಂದು ಈ ಕಥೆಯನ್ನು ಮುಗಿಸಿದರೆ ಕೇಳುವವರಿಗೆ ಹಗುರವಾಗುತ್ತದೆ. ಅದು ಸುಳ್ಳು. ಡಾಕ್ಟರ್ ಆಗಿದ್ದರೂ ಚೆನ್ನಾಗಿಯೇ ಇರುತ್ತಿತ್ತು, ಬಹುಶಃ ಇದಕ್ಕಿಂತ ಜಾಸ್ತಿ ಚೆನ್ನಾಗಿ. ಆ ದಾರಿ ನನಗೆ ಸಿಗಲಿಲ್ಲ. ಸಿಕ್ಕ ದಾರಿಯಲ್ಲಿ ನಡೆಯುತ್ತ ಎಂಟು ವರ್ಷವಾಯಿತು. ಈ ಎರಡು ಮಾತೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಅಳಿಸುವ ಅಗತ್ಯ ಈಗ ಕಾಣುತ್ತಿಲ್ಲ. ಇಪ್ಪತ್ತೈದರಲ್ಲಿ ಕಾಣುತ್ತಿತ್ತು. ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಆಗ ಒಂದು ಸಣ್ಣ ಭಾಷಣವೇ ತಯಾರಿರುತ್ತಿತ್ತು.

ನನಗೆ ಏನು ಬರುತ್ತದೆ ಎಂಬುದು ಈಗ ನನಗೆ ಗೊತ್ತು. ನೋವಿನಲ್ಲಿರುವವರನ್ನು ಟೇಬಲ್ ಮೇಲೆ ಮಲಗಿಸುವುದು ಬರುತ್ತದೆ. ಸೊಂಟ ಮುರಿದುಕೊಂಡ ಅಜ್ಜಿಯನ್ನು ಹೊರಳಿಸುವ ಮೊದಲು ಯಾವ ಕಡೆಗೆ, ಎಷ್ಟು ಎಂದು ಹೇಳಿಯೇ ಮುಟ್ಟಬೇಕು. ‘ಏನೂ ಆಗಲ್ಲಮ್ಮ’ ಅನ್ನಬಾರದು, ಯಾಕೆಂದರೆ ನೋಯುತ್ತದೆ. ‘ಈಗ ನೋಯುತ್ತೆ, ಹತ್ತು ಎಣಿಸೋದ್ರೊಳಗೆ ಮುಗಿಯುತ್ತೆ’ ಅಂದರೆ ಅವರು ನಿಜವಾಗಿಯೂ ಎಣಿಸುತ್ತಾರೆ. ಸರಿಯಾಗಿ ಮಲಗಿಸಿದರೆ ಮತ್ತೊಮ್ಮೆ ತೆಗೆಯುವ ಪ್ರಮೇಯ ಬರುವುದಿಲ್ಲ, ವಿಕಿರಣವೂ ಒಂದೇ ಸಲ ತಾಗುತ್ತದೆ. ಇದು ಹೆಮ್ಮೆಯಾ? ಸ್ವಲ್ಪ ಇರಬಹುದು. ಅಡುಗೆ ಬರುತ್ತದೆ, ಈಜು ಬರುತ್ತದೆ ಅನ್ನುವಷ್ಟು. ಬರದೇ ಇರುವುದೂ ಗೊತ್ತು. ಹತ್ತು ಜನರೆದುರು ನಿಂತು ಮಾತಾಡುವುದು ಬರುವುದಿಲ್ಲ. ಹಣ ಬೆಳೆಸುವುದು ಗೊತ್ತಿಲ್ಲ, ಉಳಿಸುವುದು ಗೊತ್ತು. ಜಗಳವಾದ ಮೇಲೆ ಮೊದಲು ಫೋನ್ ಮಾಡುವುದು ನನ್ನಿಂದ ಇನ್ನೂ ಆಗಿಲ್ಲ.

ಮೂವತ್ತಾಯಿತು ಅಂದಾಗ ಸಮಾಧಾನ ಹೇಳುವವರು ತಡವಾಗಿ ಗೆದ್ದವರ ಹೆಸರು ಹೇಳುತ್ತಾರೆ. ನಮ್ಮ ಕ್ಷೇತ್ರದಲ್ಲೇ ಒಬ್ಬರಿದ್ದಾರೆ. ರಾಂಟ್‌ಜನ್ 1895ರಲ್ಲಿ ಎಕ್ಸ್ ಕಿರಣ ಕಂಡುಹಿಡಿದಾಗ ಅವರಿಗೆ 50 ವರ್ಷ. ಸಹೋದ್ಯೋಗಿಯೊಬ್ಬರು ಇದನ್ನು ಶುಕ್ರವಾರ ನನಗೆ ಹೇಳಿ, ‘ಇನ್ನೂ ಇಪ್ಪತ್ತು ವರ್ಷ ಟೈಮಿದೆ’ ಅಂದರು. ನಕ್ಕೆ. ಆದರೆ ರಾಂಟ್‌ಜನ್ ಮೂವತ್ತರಲ್ಲೇ ಪ್ರೊಫೆಸರ್ ಆಗಿದ್ದರು, ಪ್ರಯೋಗಾಲಯದಲ್ಲೇ ಇದ್ದರು. ಕಾಯುತ್ತ ಕೂತಿದ್ದವರಲ್ಲ. ನಾನು ಏನನ್ನೂ ಕಂಡುಹಿಡಿಯಲು ಹೊರಟವಳಲ್ಲವಾದ್ದರಿಂದ ಆ ಲೆಕ್ಕ ನನಗೆ ಯಾವ ಕಡೆಯಿಂದಲೂ ಹೊಂದುವುದಿಲ್ಲ.

ಮದುವೆಯಾಗಿಲ್ಲ. ಒಂದು ಸಂಬಂಧ ಮೂರು ವರ್ಷ ನಡೆದು ನಿಂತಿತು. ಇಬ್ಬರೂ ಒಳ್ಳೆಯವರೇ, ಇಬ್ಬರಿಗೂ ಬೇಕಾಗಿದ್ದ ಊರುಗಳು ಬೇರೆಯಾಗಿದ್ದವು. ಈ ವಿಷಯ ಇಷ್ಟಕ್ಕೇ ಸಾಕು.

ಜಾಸ್ತಿ ಯೋಚನೆಗೆ ಬರುವುದು ಅಮ್ಮ. ಅವಳಿಗೆ ಮೂವತ್ತಾದಾಗ ನನಗೆ ಏಳು, ತಮ್ಮನಿಗೆ ನಾಲ್ಕು. ‘ಆಗ ನಿನಗೆ ಏನನ್ನಿಸಿತ್ತು’ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಆ ವರ್ಷ ನಿನ್ನ ತಮ್ಮನಿಗೆ ಕಿವಿನೋವು ಜಾಸ್ತಿ’ ಅಂದಳು. ಅವಳ ಮೂವತ್ತು ಅವಳಿಗೆ ನೆನಪಿರುವುದು ಹಾಗೆ. ಇದರಿಂದ ನನಗೆ ಬೇಜಾರಾಗಬೇಕಾ, ಅವಳನ್ನು ದೊಡ್ಡದು ಮಾಡಿ ಹೊಗಳಬೇಕಾ? ಎರಡೂ ಬೇಡ ಅನ್ನಿಸಿತು. ತನ್ನ ಬಗ್ಗೆ ಕೂತು ಬರೆಯುವಷ್ಟು ಬಿಡುವು ಅವಳಿಗೆ ಇರಲಿಲ್ಲ, ನನಗಿದೆ. ಆ ಬಿಡುವಿನಲ್ಲಿ ಅವಳ ಪಾಲು ದೊಡ್ಡದು. ತಮ್ಮನ ಪಾಲೂ ಇದೆ, ಅವನು ಊರಲ್ಲೇ ಉಳಿದು ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಿದ್ದಾನೆ. ನಾನು ಕಷ್ಟಪಟ್ಟು ಗಳಿಸಿದ್ದು ಎಂದು ಹೇಳಿಕೊಳ್ಳಲು ಹೊರಟಾಗಲೆಲ್ಲ ಇಂಥವು ಅಡ್ಡ ಬರುತ್ತವೆ. ನನಗೆ ಅನ್ಯಾಯವಾಯಿತು ಎಂದು ಹೊರಟಾಗಲೂ ಇವೇ ಅಡ್ಡ ಬರುತ್ತವೆ.

ದೇಹದ ಬಗ್ಗೆ ಒಂದು ಮಾತು, ವೃತ್ತಿದೋಷ, ಹೇಳದೇ ಇರಲಾರೆ. ಮೂಳೆಯ ಗಟ್ಟಿತನ ತುತ್ತತುದಿ ಮುಟ್ಟುವುದು ಹೆಚ್ಚುಕಮ್ಮಿ ಈ ವಯಸ್ಸಿನಲ್ಲೇ. ಈಗಿನಿಂದ ಕೆಲಸ ಏನಿದ್ದರೂ ಇರುವುದನ್ನು ಕಾಪಾಡಿಕೊಳ್ಳುವುದು: ನಡೆಯುವುದು, ಭಾರ ಎತ್ತುವುದು, ಬಿಸಿಲಿಗೆ ಹೋಗುವುದು. ಎಕ್ಸ್‌ರೇ ಕೋಣೆಗೆ ಕಿಟಕಿ ಇಲ್ಲ, ಆದ್ದರಿಂದ ಊಟದ ನಂತರ ಹೊರಗೆ ಒಂದು ಸುತ್ತು ಹಾಕಲು ಶುರುಮಾಡಿದ್ದೇನೆ.

ಮುಂದಿನ ತಿಂಗಳಿಂದ ಎಂಆರ್‌ಐ ತರಬೇತಿ ಇದೆ, ಭಾನುವಾರ ಭಾನುವಾರ. ಫೀಸು ಕಟ್ಟಿಯಾಯಿತು. ಪಾಸಾದರೆ ಸಂಬಳ ಸ್ವಲ್ಪ ಏರಬಹುದು, ಏರದೆಯೂ ಇರಬಹುದು. ಆ ಯಂತ್ರ ಹೇಗೆ ನೋಡುತ್ತದೆ ಎಂದು ತಿಳಿಯುವ ಆಸೆ ಮಾತ್ರ ಮೊದಲಿನಿಂದಲೂ ಇತ್ತು. ಪರಿಚಯಕ್ಕೆಂದು ಕರೆದಿದ್ದ ದಿನ ಹೋಗಿ ನೋಡಿದೆ, ಉಳಿದವರೆಲ್ಲ ಇಪ್ಪತ್ತೆರಡು, ಇಪ್ಪತ್ಮೂರರವರು. ನನ್ನನ್ನು ಮೊದಲು ಮೇಡಂ ಅಂದರು. ನಾನೂ ಕಲಿಯಲು ಬಂದವಳು ಅಂತ ಗೊತ್ತಾದ ಮೇಲೆ ಅಕ್ಕಾ ಅಂದರು. ಅದರಲ್ಲೊಬ್ಬಳು ಆಗಲೇ ನನ್ನ ನೋಟ್ಸ್ ಕೇಳಿಟ್ಟಿದ್ದಾಳೆ.