ಅಪ್ಪ-ಅಮ್ಮನ ಮದುವೆಗೆ 30 ವರ್ಷ: ಮಗನ ನಾಲ್ಕು ಮಾತು

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಏಳೋ ಮುಂಚೆ ಒಂದು ಐದು ನಿಮಿಷ ನನಗೆ ಕೊಡಿ. ಮಾತಾಡೋದು ಬೇಡ ಅಂತ ಅಪ್ಪ ಬೆಳಗ್ಗೆಯಿಂದ ಮೂರು ಸಲ ಹೇಳಿದ್ದಾರೆ. ಅಪ್ಪ, ಇದೊಂದು ಸಲ ನಿಮ್ಮ ಮಾತು ಮೀರ್ತೀನಿ.

ಈ ಮನೆಗೆ 30 ವರ್ಷ. ಅದರಲ್ಲಿ 28 ವರ್ಷ ನಾನು ಕಣ್ಣಾರೆ ಕಂಡಿದ್ದೀನಿ. ಮೊದಲ ನಾಲ್ಕೈದು ವರ್ಷ ನೆನಪಿಲ್ಲ, ಅದನ್ನ ಬಿಟ್ಟುಬಿಡಿ. ಉಳಿದದ್ದರಲ್ಲಿ ಒಂದು ರಾತ್ರಿಯ ಬಗ್ಗೆ ಹೇಳಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ನಾನು ಆಗ 9ನೇ ಕ್ಲಾಸು. ಅಪ್ಪ ಕೆಲಸ ಮಾಡ್ತಿದ್ದ ಕಡೆ ಬಾಗಿಲು ಮುಚ್ಚಿದ್ರು. ಎಂಟು ತಿಂಗಳು ಅಪ್ಪ ಮನೆಯಲ್ಲೇ ಇದ್ರು. ನಮಗೆ, ಮಕ್ಕಳಿಗೆ, ಯಾರೂ ಏನೂ ಹೇಳಿರಲಿಲ್ಲ. ಆದರೆ ಅಪ್ಪ ಬೆಳಗ್ಗೆ ಎದ್ದು ಶೂಗೆ ಪಾಲಿಶ್ ಹಾಕಿ, ಅದನ್ನ ಬಾಗಿಲ ಪಕ್ಕ ಜೋಡಿಸಿಟ್ಟು, ಎಲ್ಲೂ ಹೋಗದೆ ಒಳಗೆ ಬಂದು ಕೂತ್ಕೊಳ್ತಿದ್ರು. ಅದು ನಮಗೆ ಕಾಣ್ತಿತ್ತು.

ಒಂದು ರಾತ್ರಿ ನೀರು ಕುಡಿಯೋಕೆ ಅಂತ ಎದ್ದೆ. ಊಟದ ಮೇಜಿನ ಹತ್ತಿರ ಇಬ್ಬರೂ ಕೂತಿದ್ರು. ಮುಂದೆ ಮನೆ ಲೆಕ್ಕದ ಪುಸ್ತಕ. ಅಮ್ಮ ಬರೀತಿದ್ದಳು. ಅಪ್ಪ ಪೆನ್ಸಿಲ್ ಕೆತ್ತುತ್ತಾ ಇದ್ರು, ಆಗಲೇ ಚೂಪಾಗಿದ್ದ ಪೆನ್ಸಿಲ್ಲನ್ನ ಮತ್ತೆ ಮತ್ತೆ. ಮೇಜಿನ ಮೇಲೆ ಕೆತ್ತಿದ ಸಿಪ್ಪೆಯ ಸಣ್ಣ ಗುಡ್ಡೆ. ಅಮ್ಮ ಪುಸ್ತಕ ಅವರ ಕಡೆ ತಿರುಗಿಸಿ, "ರೀ, ಇದು ಯಾಕೋ ತಾಳೆ ಆಗ್ತಿಲ್ಲ, ಒಂಚೂರು ನೋಡ್ತೀರಾ?" ಅಂದಳು. ಅಪ್ಪ ಬೆರಳಿಟ್ಟುಕೊಂಡು ಮೇಲಿಂದ ಕೆಳಗೆ ಬಂದ್ರು. ಒಂದು ಕಡೆ ನಿಂತು, "ಇಲ್ಲಿ ನೋಡು, ದಶಕ ಬಿಟ್ಟಿದ್ದೀಯ" ಅಂದ್ರು. ಅಮ್ಮ, "ಅಯ್ಯೋ ಹೌದಲ್ಲ!" ಅಂತ ತಿದ್ದಿಕೊಂಡಳು. ಎಷ್ಟೋ ದಿನದ ಮೇಲೆ ಅಪ್ಪನ ಬೆನ್ನು ಸ್ವಲ್ಪ ನೆಟ್ಟಗಾದದ್ದನ್ನ ನಾನು ಅಡುಗೆಮನೆ ಬಾಗಿಲಿಂದ ನೋಡಿದೆ.

ನಮ್ಮಮ್ಮನ್ನ ಬಲ್ಲವರು ಈಗಾಗಲೇ ನಗ್ತಿದ್ದೀರಿ. ಅವಳು ಕೂಡೋ ಲೆಕ್ಕದಲ್ಲಿ ದಶಕ ಬಿಡೋಳೇ ಅಲ್ಲ. ಜೀವನಪೂರ್ತಿ ಲೆಕ್ಕಪತ್ರದ ಕೆಲಸ ಮಾಡಿದವಳು. ದೊಡ್ಡವನಾದ ಮೇಲೆ ಆ ಪುಸ್ತಕ ನನ್ನ ಕೈಗೆ ಸಿಕ್ಕಿತು. ತಿರುವಿ ನೋಡಿದ್ರೆ ಆ ಎಂಟು ತಿಂಗಳಲ್ಲಿ ವಾರಕ್ಕೊಂದು ತಪ್ಪು, ಪಕ್ಕದಲ್ಲಿ ಅಪ್ಪನ ಅಕ್ಷರದಲ್ಲಿ ತಿದ್ದುಪಡಿ. ಅದಕ್ಕೆ ಮುಂಚೆ ಒಂದೂ ತಪ್ಪಿಲ್ಲ, ಆಮೇಲೂ ಇಲ್ಲ. ಅಮ್ಮನ್ನ ಕೇಳಿದೆ. "ಆಗ ಅವರಿಗೆ ಸರಿಮಾಡೋಕೆ ಏನಾದ್ರೂ ಒಂದು ಬೇಕಿತ್ತು ಕಣೋ" ಅಂದಳು. "ಅಪ್ಪಂಗೆ ಹೇಳಬೇಡ" ಅಂತ ಆಣೆ ಹಾಕಿಸಿಕೊಂಡಳು.

ನಾನು ಹೇಳಲಿಲ್ಲ. ಹೋದ ವರ್ಷ ಅಪ್ಪನೇ ನನಗೆ ಹೇಳಿದ್ರು. "ನಿಮ್ಮಮ್ಮ ಆ ಲೆಕ್ಕ ಬೇಕಂತಲೇ ತಪ್ಪು ಮಾಡ್ತಿದ್ದಳು, ನನಗೆ ಎರಡನೇ ವಾರಕ್ಕೇ ಗೊತ್ತಾಗಿತ್ತು. ಆದರೂ ಪ್ರತಿ ವಾರ ಕಾಯ್ತಿದ್ದೆ."

ಅಮ್ಮ, ನಿನಗೆ ಇದು ಇವತ್ತೇ ಗೊತ್ತಾಗ್ತಿರೋದು. ಅಪ್ಪನೂ ನನ್ನ ಹತ್ತಿರ ಆಣೆ ಹಾಕಿಸಿಕೊಂಡಿದ್ರು. ಎರಡು ಆಣೆಯನ್ನೂ ಒಂದೇ ಸಲಕ್ಕೆ ಮುರಿದಿದ್ದೀನಿ, ಕ್ಷಮಿಸಿ. ಈ ಗುಟ್ಟನ್ನ ನಾನೊಬ್ಬನೇ ಇಟ್ಟುಕೊಳ್ಳೋದು ನ್ಯಾಯ ಅಂತ ಅನ್ನಿಸಲಿಲ್ಲ.

ಅಪ್ಪನ ಸರದಿ ಆಮೇಲೆ ಬಂತು. ಅವರ ಕಣ್ಣಿನ ಆಪರೇಷನ್ ಆದಾಗ ಕೆಲವು ವಾರ ಓದಬಾರದು ಅಂದಿದ್ರು. ಬೆಳಗ್ಗೆ ಪೇಪರ್ ಓದದೆ ಇವರಿಗೆ ದಿನ ಶುರುವಾಗಲ್ಲ. ಅಮ್ಮ ಎದುರಿಗೆ ಕೂತು ಓದಿ ಹೇಳೋಳು, ಕೊನೆಯ ಆಟದ ಪುಟದವರೆಗೂ. ಆಟ ಅಂದ್ರೆ ಅವಳಿಗೆ ಏನೂ ತಿಳಿಯದು. ಯಾರು ಗೆದ್ದರು, ಯಾರು ಸೋತರು ಅಂತ ತಲೆಕೆಳಗು ಮಾಡಿ ಓದೋಳು, ಆಟಗಾರರ ಹೆಸರು ಒಬ್ಬರದು ಇನ್ನೊಬ್ಬರಿಗೆ. ಅಪ್ಪ ಕಣ್ಣು ಮುಚ್ಚಿಕೊಂಡು "ಹೂಂ, ಹೂಂ" ಅಂತಿದ್ರು. ಒಂದು ಸಲವೂ ತಿದ್ದಲಿಲ್ಲ. ಕಣ್ಣು ಪೂರಾ ವಾಸಿಯಾಗಿ ಎಷ್ಟೋ ಕಾಲ ಆಯ್ತು. ಈಗಲೂ ಬೆಳಗ್ಗೆ ಆ ಮನೆಗೆ ಹೋದ್ರೆ ಅಮ್ಮ ಓದ್ತಾ ಇರ್ತಾಳೆ, ಅಪ್ಪ ಕನ್ನಡಕ ಹಾಕಿಕೊಂಡೇ ಕೇಳ್ತಾ ಇರ್ತಾರೆ.

ಜಗಳ ಇರಲಿಲ್ಲವಾ? ಇತ್ತು, ಗಟ್ಟಿಯಾಗೇ ಇತ್ತು. ಪಕ್ಕದ ಕೋಣೆಯಲ್ಲಿ ನಾನು ತಂಗಿ ಪುಸ್ತಕ ತೆರೆದಿಟ್ಟುಕೊಂಡು ಒಂದೇ ಸಾಲು ಓದ್ತಾ ಕೂತ ಸಂಜೆಗಳಿದ್ದವು. ಅಪ್ಪ ಬಾಯಿಬಿಟ್ಟು "ತಪ್ಪಾಯ್ತು" ಅನ್ನೋದು ಅಪರೂಪ. ಮಾರನೆ ದಿನ ಸ್ಕ್ರೂಡ್ರೈವರ್ ಹಿಡಿದು ಅಮ್ಮ ಯಾವತ್ತೋ ಹೇಳಿದ್ದ ಕಪಾಟಿನ ಹಿಡಿ ಬಿಗಿ ಮಾಡ್ತಿದ್ರು. ಅಮ್ಮ ಏನೂ ಅನ್ನದೆ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲೋಳು. ಅಷ್ಟು ಹೊತ್ತಿಗೆ ನಮಗೂ ಉಸಿರು ಬರೋದು.

30 ವರ್ಷಕ್ಕೆ ಮುತ್ತಿನ ವಾರ್ಷಿಕೋತ್ಸವ ಅಂತಾರೆ. ಅದಕ್ಕೇ ತಂಗಿ, ನಾನು ಸೇರಿ ಅಮ್ಮನ ಹಳೇ ಮುತ್ತಿನ ಸರವನ್ನ ಹೊಸದಾಗಿ ಪೋಣಿಸೋಕೆ ಕೊಟ್ಟಿದ್ವಿ. ದಾರ ಸವೆದುಹೋಗಿತ್ತು. ಪೋಣಿಸೋರು ಕೆಲಸ ಮಾಡೋವಾಗ ನಾನು ಪಕ್ಕದಲ್ಲೇ ಕೂತು ನೋಡಿದೆ. ಒಂದು ಮುತ್ತು, ಒಂದು ಗಂಟು. ಮತ್ತೊಂದು ಮುತ್ತು, ಮತ್ತೊಂದು ಗಂಟು. ಯಾಕೆ ಅಂತ ಕೇಳಿದೆ. ಗಂಟು ಇದ್ರೆ ಮುತ್ತಿಗೆ ಮುತ್ತು ಉಜ್ಜಿ ಸವೆಯಲ್ಲ, ಅಕಸ್ಮಾತ್ ದಾರ ಕಡಿದ್ರೂ ಒಂದು ಜಾರಬಹುದು, ಸರ ಪೂರ್ತಿ ಚೆಲ್ಲಿಹೋಗಲ್ಲ ಅಂದ್ರು. ಕಣ್ಣಿಗೆ ಮುತ್ತು ಮಾತ್ರ ಕಾಣುತ್ತೆ, ಗಂಟು ಕಾಣಲ್ಲ. ನನಗೆ ಕೂತಲ್ಲೇ ಆ ಲೆಕ್ಕದ ಪುಸ್ತಕ ನೆನಪಾಯ್ತು.

ಮೂರು ತಿಂಗಳ ಹಿಂದೆ ನನ್ನ ಮದುವೆ ಆಯ್ತು. ಹಿಂದಿನ ರಾತ್ರಿ ಅಪ್ಪನ ಹತ್ತಿರ ಕೂತು, ಏನಾದ್ರೂ ಹೇಳಿ ಅಂದೆ. ತುಂಬಾ ಹೊತ್ತು ಯೋಚನೆ ಮಾಡಿದ್ರು. ಆಮೇಲೆ ಕೇಳಿದ್ದು ಇಷ್ಟೇ: "ನಿಮ್ಮನೇಲಿ ಸ್ಕ್ರೂಡ್ರೈವರ್ ಇದೆಯಾ?" ಮಾರನೆ ದಿನ ತಮ್ಮದನ್ನೇ ತಂದು ಕೊಟ್ರು. ಹಿಡಿಯ ಬಣ್ಣ ಪೂರಾ ಹೋಗಿದೆ. ಅದು ನನ್ನ ಹತ್ತಿರ ಇದೆ, ಅಪ್ಪ. ಆಗಲೇ ಎರಡು ಸಲ ಬೇಕಾಯ್ತು.

ಅಮ್ಮ, ಈ ಪೆಟ್ಟಿಗೆ ನಿನಗೆ. ಒಳಗೆ ನಿನ್ನದೇ ಸರ. ಕೊಂಡಿ ಹಾಕೋ ಕೆಲಸ ಅಪ್ಪನದು.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ, ಕೈಯಲ್ಲಿರೋ ಲೋಟ ಎತ್ತಿ.

ಅಪ್ಪ, ಅಮ್ಮ, ಇದು ನಿಮಗೆ. ನಾಳೆ ಬೆಳಗ್ಗೆ ಪೇಪರ್ ಓದೋ ಹೊತ್ತಿಗೆ ನಾವಿಬ್ಬರೂ ಬರ್ತೀವಿ. ಆಟದ ಪುಟ ನಾವು ಬರೋವರೆಗೂ ಉಳಿಸಿಡಿ.